ಬೆಳಗಿನ ಜಾವದ ಮಿತ್ರದ್ರೋಹ

ಬೆಳಗಿನ ಜಾವದ ಕನಸು ನಿಜವಾಗುವುದೆಂಬ ಮಾತು ನಮ್ಮ ಮನೆಗಳಲ್ಲಿ ಹಿರಿಯರಿಂದ ಬಂದದ್ದು. ಕನಸು ಶುಭವಾಗಿದ್ದರೆ ಈ ನಂಬಿಕೆಯಿಂದ ಯಾರಿಗೂ ಕೇಡಿಲ್ಲ. ಆಪ್ತಮಿತ್ರನೇ ವಂಚಕನಾಗಿ ಕಾಣಿಸಿಕೊಂಡರೆ ಮಾತ್ರ ಅದು ನಿರಪರಾಧಿಯೊಬ್ಬನ ಮೇಲೆ ಸಾಕ್ಷಿ ನುಡಿಯಲು ಎದ್ದು ನಿಲ್ಲುತ್ತದೆ.

ಕಳೆದ ಮಾಘಮಾಸದಲ್ಲಿ ನಮಗೆ ಅಂಥದೊಂದು ಕನಸು ಬಿತ್ತು. ಯಲಹಂಕದಲ್ಲಿ ಯಾವುದೋ ರಿಜಿಸ್ಟ್ರಾರ್ ಕಚೇರಿ. ಮೂವತ್ತು ವರ್ಷ ನಮ್ಮೊಡನೆ ಪಾಠ ಹೇಳಿದ ಮಿತ್ರರು ನಮ್ಮ ಮನೆಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟು ರುಜು ಹಾಕುತ್ತಿದ್ದಾರೆ. ನಾವು ಕೂಗಿದೆವು. ಅವರು ತಿರುಗಿ ನೋಡಿ, ಗುಮಾಸ್ತೆಯೊಡನೆ “ಈತ ಯಾರೋ, ನಾನರಿಯೆ” ಎಂದರು. ಎಚ್ಚರವಾದಾಗ ಗಂಟೆ ಐದು. ಮನೆ ಹೋದುದಕ್ಕಿಂತ ಆ “ನಾನರಿಯೆ” ಎಂಬುದೇ ಎದೆಯನ್ನು ಇರಿಯುತ್ತಿತ್ತು. ಆರೂವರೆಗೆ ಅದೇ ಮಿತ್ರರು ಎಂದಿನಂತೆ ಕೆರೆಯ ಕಡೆಗೆ ತಿರುಗಾಟಕ್ಕೆ ಕರೆಯಲು ಬರುವವರಿದ್ದರು.

“ಕನಸು ತಾನೇ, ಬಿಡಿ” ಎಂದರು ನಮ್ಮ ಮನೆಯವರು. ಈ ಸಮಾಧಾನ ನಾಟುವುದಿಲ್ಲ. ಅದಕ್ಕೆ ಕಾರಣವೂ ಉಂಟು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಕನಸಿನ ಹಾವಿನ ಕಡಿತವನ್ನು ಉದಾಹರಿಸುತ್ತಾರೆ. ಹಾವು ಸುಳ್ಳು, ಕಡಿತ ಸುಳ್ಳು. ಆದರೆ ಅದರ ಅನುಭವವಾಯಿತೆಂಬುದು ಎಚ್ಚೆತ್ತ ಮೇಲೂ ಸುಳ್ಳಾಗುವುದಿಲ್ಲ. ಆದಕಾರಣ ನೋವನ್ನು ಅಲ್ಲಗಳೆಯಬೇಕಾಗಿಲ್ಲ. ನೋವು ನಮ್ಮದು, ಅಪರಾಧ ಮಿತ್ರನದಲ್ಲ ಎಂದು ಎರಡನ್ನೂ ಬಿಡಿಸಿ ನೋಡಿದರೆ ಸಾಕು.

ಹಾಗಾದರೆ ಬೆಳಗಿನ ಜಾವದ ಕನಸಿಗೇ ಈ ಬಲವೇಕೆ? 1953ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿದ್ವಾಂಸರು, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಒಂದು ಬಗೆಯ ನಿದ್ರೆಯನ್ನು ವರ್ಣಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಅದು ಸುಮಾರು 90 ನಿಮಿಷಗಳಿಗೊಮ್ಮೆ ಬರುತ್ತದೆ. ರಾತ್ರಿಯ ಮೊದಲಲ್ಲಿ ಕೆಲವೇ ನಿಮಿಷ, ಬೆಳಗಾಗುತ್ತ ಅರ್ಧ ಗಂಟೆಯವರೆಗೂ ನಿಲ್ಲುತ್ತದೆ. ಆ ವೇಳೆಯಲ್ಲಿ ಮಿದುಳಿನಲ್ಲಿ ಭಯ ದುಃಖಗಳಿಗೆ ಸಂಬಂಧಪಟ್ಟ ಭಾಗವು ಚುರುಕಾಗಿದ್ದು, ವಿಮರ್ಶಿಸುವ ಮುಂಭಾಗವು ಸಡಿಲವಾಗಿರುತ್ತದೆ. ಅದಕ್ಕೇ ಕನಸಿನಲ್ಲಿ ನಾವು “ಇವರು ಹೀಗೇಕೆ ಮಾಡಿಯಾರು?” ಎಂದು ಕೇಳಲಿಲ್ಲ. ಒಡನೆಯೇ ಎಚ್ಚರವಾಗುವುದರಿಂದ ಕನಸು ಮರೆಯುವುದೂ ಇಲ್ಲ. ದೀರ್ಘವಾಗಿ ಕಂಡು ನೆನಪಿನಲ್ಲಿ ಉಳಿದದ್ದನ್ನು ಹಿರಿಯರು ಸತ್ಯವೆಂದೆಣಿಸಿದ್ದರೆ ಆಶ್ಚರ್ಯವೇನು?

ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಏಳು ಬಗೆಯ ಕನಸುಗಳನ್ನು ಹೇಳಿದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು ಎಂಬ ಮೊದಲ ಐದಕ್ಕೆ ಫಲವಿಲ್ಲವೆಂದು ಅಲ್ಲಿಯ ತೀರ್ಮಾನ. ಉಳಿದೆರಡರ ವಿಚಾರ ಇಲ್ಲಿ ಬೇಡ. ಆ ಐದು ಮಾತ್ರ ಬಹಳ ಉಪಯುಕ್ತವಾದ ಜರಡಿ. ಕಾಫಿ ಕುಡಿದು, ಒಂದು ಹಾಳೆಯಲ್ಲಿ ಕನಸನ್ನು ಬರೆದು, ಒಂದೊಂದು ತುಂಡು ಎಲ್ಲಿಂದ ಬಂತೆಂದು ಹುಡುಕಿದೆವು. ಕಚೇರಿ ಕಂಡದ್ದು: ಮೂರು ದಿನ ಮೊದಲು ನೆಂಟರೊಬ್ಬರ ಪತ್ರಕ್ಕೆ ಸಾಕ್ಷಿ ಹಾಕಲು ಹೋಗಿದ್ದೆವು. ಮೋಸ ಕೇಳಿದ್ದು: ನಿವೇಶನವೊಂದನ್ನು ಇಬ್ಬರಿಗೆ ಮಾರಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆವು. “ನಾನರಿಯೆ” ಎಂಬುದು ಮಾತ್ರ ಯಾವುದಕ್ಕೂ ಹೊಂದಲಿಲ್ಲ. ಬಹಳ ಹೊತ್ತಿನ ಮೇಲೆ ಹೊಳೆಯಿತು: ಮಿತ್ರರು ಪುಣೆಯಲ್ಲಿರುವ ಮಗನ ಮನೆಗೆ ಹೋಗಿ ನೆಲಸುವವರಿದ್ದಾರೆ. ಅಗಲಿಕೆಯ ಭಯವನ್ನು ಮನಸ್ಸು ದ್ರೋಹದ ವೇಷದಲ್ಲಿ ಕುಣಿಸಿತ್ತು.

ಈ ಜರಡಿ ಹಿಡಿಯದೆ ಹೋದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನ. ಡೈಲನ್ ಸೆಲ್ಟರ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಣಯಸಂಬಂಧದಲ್ಲಿದ್ದ ವಿದ್ಯಾರ್ಥಿಗಳು ದಿನದಿನವೂ ಕನಸುಗಳನ್ನು ಬರೆದಿಟ್ಟರು. ಸಂಗಾತಿಯೊಡನೆ ಜಗಳವಾಡಿದಂತೆ ಕನಸು ಕಂಡವರಲ್ಲಿ ಮರುದಿನ ನಿಜವಾದ ಜಗಳ ಹೆಚ್ಚಾಗಿ ಕಂಡುಬಂತು. ಮಿತ್ರರ ವಿಷಯವೂ ಇದಕ್ಕೆ ದೂರವಲ್ಲವೆಂದು ನಮ್ಮ ಎಣಿಕೆ. ಮಾತು ಗಿಡ್ಡವಾಗುತ್ತದೆ, ಮುಖ ಬಿಗಿಯುತ್ತದೆ. ಎದುರಿನವನಿಗೆ ಕಾರಣವೇ ತಿಳಿಯದು.

ಜರಡಿಯಲ್ಲಿ ಎಚ್ಚರದ ಸಂಗತಿಯೇ ಸಿಕ್ಕರೆ, ಕೊಟ್ಟ ಹಣ ಬಾರದಿರುವುದೋ ಆಡಿದ ಮಾತು ತಪ್ಪಿದುದೋ, ಅದನ್ನೇ ಅದರ ಆಧಾರದ ಮೇಲೆಯೇ ಕೇಳತಕ್ಕದ್ದು. ಕನಸನ್ನು ಸಾಕ್ಷಿಗೆ ಕರೆಯಕೂಡದು. ಇಂಥ ಕನಸು ಮತ್ತೆ ಮತ್ತೆ ಬಿದ್ದು ನಿದ್ರೆ ಕೆಡಿಸಿದರೆ ವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಪ್ರೊಪ್ರನೊಲಾಲ್‌ನಂಥ ಕೆಲವು ಗುಳಿಗೆಗಳಿಂದ ದುಃಸ್ವಪ್ನಗಳು ಬರುವುದುಂಟು. ಆದರೆ ಅವರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಬಾರದು.

ಆ ದಿನ ಕೆರೆಯ ಬಳಿ ಕನಸಿನ ಸುದ್ದಿಯನ್ನೆತ್ತದೆ, “ಪುಣೆಗೆ ಹೊರಡುವುದು ಯಾವಾಗ?” ಎಂದಷ್ಟೇ ಕೇಳಿದೆವು. “ಯುಗಾದಿ ಕಳೆಯಲಿ ಮೇಷ್ಟ್ರೇ. ಹೊರಡಲು ಮನಸ್ಸೇ ಬಾರದು” ಎಂದರು. ಭಾನುವಾರ ಬೆಳಗ್ಗೆ ಏಳಕ್ಕೆ ದೂರವಾಣಿಯಲ್ಲಿ ರಘುವಂಶದ ಎರಡೆರಡು ಶ್ಲೋಕ ಓದುವುದೆಂದು ಅಲ್ಲೇ ಗೊತ್ತುಮಾಡಿಕೊಂಡೆವು. ನೋವು ಆರಿದ ಮೇಲೆ, ಯುಗಾದಿಯ ದಿನ, ಒಬ್ಬಟ್ಟಿನ ಎಲೆಯ ಮುಂದೆ ಕನಸನ್ನು ಹೇಳಿದೆವು. ಮಿತ್ರರು ಎಲ್ಲವನ್ನೂ ಕೇಳಿ, “ಅಲ್ಲ ಮೇಷ್ಟ್ರೇ, ಮುದ್ರಾಂಕದ ಶುಲ್ಕ ಯಾರು ಕಟ್ಟಿದರು?” ಎಂದರು.