ನೀರು ಬೇಡುವ ಅರಿಶಿನ, ನೀರೊಲ್ಲದ ಗೋರಂಟಿ

ಮದುವೆ ಮನೆಯಲ್ಲಿ ಬೀಗರಿಗೂ ಬೀಗರಿಗೂ ಆಗಿಬರದಿದ್ದರೆ ಹೇಗೋ ಸಂಭಾಳಿಸಬಹುದು. ಅರಿಶಿನಕ್ಕೂ ಗೋರಂಟಿಗೂ ಆಗಿಬರದಿದ್ದರೆ ಕಷ್ಟ. ಅರಿಶಿನ ಹಚ್ಚಿದ ಮೇಲೆ ಹಂಡೆಗಟ್ಟಲೆ ನೀರು ಹೊಯ್ಯಬೇಕು. ಗೋರಂಟಿ ಇಟ್ಟ ಕೈಗೆ ಒಂದು ಹನಿ ನೀರೂ ಸೋಕಬಾರದು. ಅರಿಶಿನಕ್ಕೆ ಎಣ್ಣೆ ಮೊದಲು, ಗೋರಂಟಿಗೆ ಎಣ್ಣೆ ಕೊನೆಗೆ. ಅರಿಶಿನ ಹಚ್ಚಿದ ಗಳಿಗೆಯಲ್ಲೇ ತನ್ನ ಬಣ್ಣ ತೋರಿಸಿಬಿಡುತ್ತದೆ. ಗೋರಂಟಿ ಎರಡು ದಿನ ಯೋಚನೆ ಮಾಡುತ್ತದೆ. ಇವೆರಡನ್ನೂ ಒಂದೇ ಹುಡುಗಿಯ ಮೈಮೇಲೆ ಜಗಳವಿಲ್ಲದೆ ಕೂರಿಸುವುದು ಹಿಂದೆ ಮನೆಯ ಹಿರಿಯ ಹೆಂಗಸರ ಕೆಲಸವಾಗಿತ್ತು. ಈಗ ಅದು ಇವೆಂಟ್ ಹುಡುಗರ ಪಾಲಿಗೆ ಬಂದಿದೆ.

ನಮ್ಮ ಅಣ್ಣನ ಮಗಳ ಮದುವೆಗೆ ಅಂಥ ಹುಡುಗನೊಬ್ಬ ಬಣ್ಣದ ಹಾಳೆಯಲ್ಲಿ ಕಾರ್ಯಕ್ರಮದ ಪಟ್ಟಿ ತಂದಿದ್ದ. ಭಾನುವಾರ ಬೆಳಗ್ಗೆ ಧಾರೆ. ಶನಿವಾರ ಬೆಳಗ್ಗೆ ‘ಹಳದಿ’, ಮಧ್ಯಾಹ್ನ ‘ಮೆಹಂದಿ’, ಸಂಜೆ ಆರತಕ್ಷತೆ. ಎಲ್ಲವೂ ಮಂಡ್ಯದ ಒಂದೇ ಛತ್ರದಲ್ಲಿ. ಅಣ್ಣ ತಲೆಯಾಡಿಸಿ ಅಡ್ವಾನ್ಸ್ ಕೊಡುವುದರಲ್ಲಿದ್ದ. ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ದೊಡ್ಡಮ್ಮ ಕೇಳಿದರು:

“ಯಾರಪ್ಪಾ ಇದನ್ನ ಬರೆದೋನು? ಬೆಳಗ್ಗೆ ಎಣ್ಣೆ ಅರಿಶಿನ ಮೆತ್ತಿದ ಕೈಗೆ ಮಧ್ಯಾಹ್ನ ಗೋರಂಟಿ ಹಿಡಿಯುತ್ತಾ? ಹಿಡಿದ್ರೂ ಸಂಜೆ ಹೊತ್ಗೆ ಕೈ ಕಿತ್ತಳೆ ಸಿಪ್ಪೆ ಥರ ಇರುತ್ತೆ. ಅದನ್ನ ಹಿಡ್ಕೊಂಡು ಫೋಟೋಗೆ ನಿಲ್ಬೇಕಾ ನಮ್ಮುಡುಗಿ?”

ಹುಡುಗ, “ಆಂಟಿ, ನಮ್ಮ ಕೋನ್ ಅರ್ಧ ಗಂಟೇಲಿ ಕಪ್ಪಾಗುತ್ತೆ” ಅಂದ. ಅವನ ಮಟ್ಟಿಗೆ ಅದು ವ್ಯಾಪಾರದ ಮಾತು. ಗೊತ್ತಿದ್ದವರಿಗೆ ಎಚ್ಚರಿಕೆಯ ಗಂಟೆ.

ಗೋರಂಟಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಎಲೆಯನ್ನು ಹುಳಿ ಸೇರಿಸಿ ಅರೆದಾಗ ಅದು ಹೊರಬಂದು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ನಿಗೆ ಅಂಟಿಕೊಳ್ಳುತ್ತದೆ. ಕಿತ್ತ ಕೂಡಲೇ ಕಾಣುವುದು ಕಿತ್ತಳೆ ಬಣ್ಣವೇ. ಗಾಳಿ ತಾಗುತ್ತಾ ಒಂದೆರಡು ದಿನದಲ್ಲಿ ಅದು ಕೆಂಪಾಗಿ, ಕಂದಾಗಿ, ಕಾಫಿ ಬಣ್ಣಕ್ಕೆ ಬರುತ್ತದೆ. ಈ ನಡಿಗೆಯನ್ನು ಯಾರಿಂದಲೂ ಹೆಚ್ಚು ಅವಸರ ಮಾಡಿಸಲಾಗದು. ಅರ್ಧ ಗಂಟೆಯಲ್ಲಿ ಕಪ್ಪಾಯಿತೆಂದರೆ ಅದು ಗೋರಂಟಿಯ ಬಣ್ಣವಲ್ಲ. ‘ಬ್ಲ್ಯಾಕ್ ಮೆಹಂದಿ’ ಎಂದು ಮಾರುವುದರಲ್ಲಿ ಎಷ್ಟೋ ಸಲ ತಲೆಗೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದು ಕೆಲವರ ಕೈಯಲ್ಲಿ ಬಳ್ಳಿಯ ಗೆರೆಯುದ್ದಕ್ಕೂ ಬೊಬ್ಬೆ ಎಬ್ಬಿಸುತ್ತದೆ, ಅದೂ ಎರಡು ಮೂರು ದಿನ ಬಿಟ್ಟು. ಅಷ್ಟರಲ್ಲಿ ಇವೆಂಟಿನವನು ಬಾಕಿ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ.

ದೊಡ್ಡಮ್ಮನಿಗೆ ಲಾಸೋನ್ ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. ಅವರು ಧಾರೆಯಿಂದ ಹಿಂದಕ್ಕೆ ಎಣಿಸಿದರು. ಶನಿವಾರ ಸಂಜೆ ಕೈ ಕೆಂಪಗಿರಬೇಕಾದರೆ ಗುರುವಾರ ರಾತ್ರಿ ಗೋರಂಟಿ. ಶುಕ್ರವಾರ ಬೆಳಗ್ಗೆ ಕೆರೆದು ತೆಗೆದು ಕೊಬ್ಬರಿ ಎಣ್ಣೆ. ಅವತ್ತೆಲ್ಲ ಕೈ ನೀರಿಗಿಲ್ಲ. ಮನೆ ಮುಂದೆ ಚಪ್ಪರವೂ ಅವತ್ತೇ. ಶನಿವಾರ ಬೆಳಗ್ಗೆ ಅರಿಶಿನ, ಅದೂ ಛತ್ರದಲ್ಲಲ್ಲ, ಮನೆ ಅಂಗಳದಲ್ಲಿ. ಅಂಗೈ ಬಿಟ್ಟು ಮಿಕ್ಕ ಮೈಗೆ. ಹುಡುಗ ತನ್ನ ಹಾಳೆ ತಿದ್ದಿಕೊಂಡ. ಅಣ್ಣನ ಮುಖ ನೋಡಿದರೆ ಯಾವುದಕ್ಕೆ ಎಷ್ಟು ಕಡಿತ ಎಂದು ಅವನೂ ಲೆಕ್ಕ ಹಾಕುತ್ತಿದ್ದಂತಿತ್ತು.

ಗುರುವಾರ ಸಂಜೆ ಊರಿನಿಂದ ಮೆಹಂದಿ ಹಾಕುವ ಹುಡುಗಿ ಬಂದಳು. ರಾಜಸ್ಥಾನದ ಸೋಜತ್ ಪುಡಿಯನ್ನು ನಿಂಬೆರಸ, ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ಹಿಂದಿನ ರಾತ್ರಿಯೇ ಕಲಸಿ, ತಾನೇ ಕೋನು ಸುತ್ತಿಕೊಂಡು ತಂದಿದ್ದಳು. ದೊಡ್ಡಮ್ಮ ಒಂದು ಕೋನನ್ನು ಮೂಸಿ ನೋಡಿ, “ಪೆಟ್ರೋಲ್ ವಾಸನೆ ಇಲ್ಲ, ಪರವಾಗಿಲ್ಲ” ಎಂದು ಒಳಗೆ ಬಿಟ್ಟುಕೊಂಡರು. ಒಂದೇ ಷರತ್ತು: ಹತ್ತು ಬೆರಳ ತುದಿ ಖಾಲಿ ಬಿಡಬೇಕು, ಅದು ಹಿತ್ತಲ ಗಿಡದ ಪಾಲು.

ಹಿತ್ತಲ ಬೇಲಿಯ ಗೋರಂಟಿ ಗಿಡದಿಂದ ಸೊಪ್ಪು ಕೊಯ್ದವನು ನಾನು. ಮುಳ್ಳು ಗೀರಿದ್ದೂ ನನಗೇ. ಸೊಪ್ಪಿಗೆ ಹುಣಸೆಹಣ್ಣು, ಚೂರು ಅಡಿಕೆ, ಗಟ್ಟಿ ಟೀ ಡಿಕಾಕ್ಷನ್ ಸೇರಿಸಿ ಅತ್ತಿಗೆಯರು ಸರದಿ ಮೇಲೆ ಒರಳಿನಲ್ಲಿ ರುಬ್ಬಿದರು. ನಾವು ಸಣ್ಣವರಿದ್ದಾಗ ಆಷಾಢದಲ್ಲಿ ಅಕ್ಕಂದಿರೆಲ್ಲ ಹೀಗೆ ಒರಳ ಸುತ್ತ ಕೂರುತ್ತಿದ್ದರು. ವಿನ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವಂತಿರಲಿಲ್ಲ. ಅಂಗೈ ಮಧ್ಯೆ ಒಂದು ದುಂಡು, ಸುತ್ತ ಚುಕ್ಕಿ, ಬೆರಳ ತುದಿಗೆ ಟೋಪಿ. ಮೇಲೆ ಹರಳೆಲೆ ಸುತ್ತಿ ಹಳೇ ಪಂಚೆ ಚೂರು ಕಟ್ಟಿ ಮಲಗಿಸಿದರೆ ಬೆಳಗ್ಗೆ ಕೈಗಿಂತ ಹೊದಿಕೆಗೇ ಹೆಚ್ಚು ರಂಗು.

ಈಗ ಕೋನಿನ ಹುಡುಗಿ ಮೊಣಕೈ ತನಕ ಆನೆ, ನವಿಲು, ಪಲ್ಲಕ್ಕಿ ಬಿಡಿಸುತ್ತಾ ಹೋದಳು. ನಾಲ್ಕು ಗಂಟೆ ಹಿಡಿಯಿತು. ಆ ನಾಲ್ಕು ಗಂಟೆಯಲ್ಲಿ ಗೆಳತಿಯರಿಗೆ ಇರುವ ಕೆಲಸವನ್ನು ಯಾವ ಶಾಸ್ತ್ರದ ಪುಸ್ತಕವೂ ಬರೆದಿಲ್ಲ. ಒಬ್ಬಳು ಚಿತ್ರಾನ್ನ ತಿನ್ನಿಸಬೇಕು. ಒಬ್ಬಳು ಫೋನನ್ನು ಕಿವಿಗೆ ಹಿಡಿದು, ಮದುಮಗ ಮಾತಾಡುವಾಗ ಕೇಳಿಸದಂತೆ ನಟಿಸಬೇಕು. ಮೂಗು ತುರಿಸಲು ಒಬ್ಬಳನ್ನು ಕಾಯಂ ನೇಮಿಸಿದ್ದರು. ಒಣಗಿದ ಭಾಗಕ್ಕೆ ಹತ್ತಿಯಲ್ಲಿ ನಿಂಬೆಹಣ್ಣು ಸಕ್ಕರೆಯ ನೀರು ತಟ್ಟಬೇಕು. ಇಲ್ಲದಿದ್ದರೆ ಅದು ಬೇಗ ಉದುರುತ್ತದೆ. ಹಾಗೆಂದು ಸುರಿದರೆ ಆನೆಯ ಸೊಂಡಿಲು ಪಲ್ಲಕ್ಕಿಯೊಳಕ್ಕೆ ಹರಿಯುತ್ತದೆ. ಮದುಮಗಳದ್ದು ಮುಗಿದ ಮೇಲೆ ಉಳಿದವರು ಕೈ ಚಾಚಿಕೊಂಡು ಸಾಲಾಗಿ ಕುಳಿತರು. ನಮ್ಮ ನಾದಿನಿಯ ಮಗ, ಐದು ವರ್ಷದವನು, ಹಟ ಮಾಡಿ ಸೂರ್ಯ ಬರೆಸಿಕೊಂಡು ಕೆನ್ನೆಗೆ ಕೈ ಕೊಟ್ಟು ಮಲಗಿಬಿಟ್ಟ. ಮದುವೆಯ ಎಲ್ಲ ಫೋಟೋದಲ್ಲೂ ಅವನ ಎಡಗೆನ್ನೆಯಲ್ಲಿ ಸೂರ್ಯೋದಯವಿದೆ.

ಕೊನೆಗೆ ದೊಡ್ಡಮ್ಮ ಹತ್ತು ಬೆರಳಿಗೂ ಟೋಪಿ ಮೆತ್ತಿ, “ಕೆಂಪಾದಷ್ಟು ಗಂಡನಿಗೆ ಪ್ರೀತಿ” ಎಂದರು. ಅಂಗೈ ಚರ್ಮ ದಪ್ಪ, ಅಲ್ಲಿ ಕೆಂಪು ಗಾಢ. ಮುಂಗೈ ಚರ್ಮ ತೆಳು, ಅಲ್ಲಿ ತಿಳಿ. ಈ ಲೆಕ್ಕದಲ್ಲಿ ಗಂಡನ ಪ್ರೀತಿ ಅಂಗೈಯಷ್ಟಗಲ ಮಾತ್ರ ಎಂದು ನಾನು ಹೇಳಬೇಕೆಂದಿದ್ದೆ. ಪಕ್ಕದಲ್ಲಿ ನನ್ನವಳಿದ್ದಳು, ಸುಮ್ಮನಾದೆ.

ಶನಿವಾರದ್ದು ಬೇರೆ ಹದ. ನಮ್ಮ ಕಡೆ ಮೊದಲು ಒರಳು ಒನಕೆಗೆ ಪೂಜೆ. ಅರಿಶಿನದ ಕೊಂಬು ಕಟ್ಟಿ, ಐದು ಜನ ಮುತ್ತೈದೆಯರು ಒನಕೆ ಹಿಡಿದು ಕೊಂಬು ಕುಟ್ಟಬೇಕು. ಚಾಮರಾಜನಗರದ ಕಡೆಯ ನೆಂಟರು ತಮ್ಮ ಹೊಲದ ಕೊಂಬು ತಂದಿದ್ದರು. ಬೇಯಿಸಿ ಒಣಗಿಸಿದ ಕೊಂಬು ಸುಲಭಕ್ಕೆ ಬಗ್ಗುವುದಿಲ್ಲ. ಎರಡೇಟಿಗೆ ಸಿಡಿದು ಒಂದು ಚೂರು ಫೋಟೋಗ್ರಾಫರನ ಹಣೆಗೆ ಬಡಿಯಿತು. ಕುಟ್ಟಿದ್ದು ಶಾಸ್ತ್ರಕ್ಕೆ. ಮೈಗೆ ಹಚ್ಚಿದ್ದು ಕಸ್ತೂರಿ ಅರಿಶಿನ. ಅಡುಗೆಯ ಅರಿಶಿನವನ್ನೇ ಧಾರಾಳವಾಗಿ ಮೆತ್ತಿದರೆ ಹುಡುಗಿ ಧಾರೆಗೆ ಕೂರುವಾಗಲೂ ಹಳದಿಯಾಗಿಯೇ ಇರುತ್ತಾಳೆ, ಮೇಕಪ್ಪಿನವಳು ಅಳುತ್ತಾಳೆ. ಅರಿಶಿನದ ಬಣ್ಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಹಾಗಾಗಿ ಮೊದಲು ಎಣ್ಣೆ, ಆಮೇಲೆ ಕಡಲೆಹಿಟ್ಟು ಮತ್ತು ಕೆನೆಯಲ್ಲಿ ಕಲಸಿದ ಅರಿಶಿನ. ತೆಗೆಯುವಾಗಲೂ ಹಿಟ್ಟು ಹಚ್ಚಿ ಉಜ್ಜಿಯೇ ತೆಗೆಯಬೇಕು.

ಈ ಕಲಸುವ ಹದ ನಮ್ಮ ಮನೆಯಲ್ಲಿ ಒಬ್ಬರಿಗೇ ಗೊತ್ತು: ನಮ್ಮ ಸೋದರತ್ತೆಗೆ. ಮಾವ ತೀರಿಕೊಂಡ ಮೇಲೆ ಅವರು ಕಲಸಿ ಬಟ್ಟಲನ್ನು ಅಡುಗೆಮನೆ ಬಾಗಿಲ ತನಕ ತಂದು ಕೊಡುತ್ತಾರೆ, ಅಂಗಳಕ್ಕೆ ಬರುವುದಿಲ್ಲ. ಮುತ್ತೈದೆಯರ ಪಟ್ಟಿಯಲ್ಲಿ ಕೈ ಹದಕ್ಕೆ ಅಂಕವಿಲ್ಲ. ನನಗೆ ಈ ಶಾಸ್ತ್ರದಲ್ಲಿ ಒಗ್ಗದೇ ಇರುವುದು ಇದೊಂದೇ.

ಹಸೆಮಣೆ ಮೇಲೆ ಹುಡುಗಿಯನ್ನು ಪೂರ್ವಕ್ಕೆ ಕೂರಿಸಿದರು. ಒಬ್ಬೊಬ್ಬರೂ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದ, ಮಂಡಿ, ಭುಜ, ನೆತ್ತಿ ಎಂದು ಕೆಳಗಿನಿಂದ ಮೇಲಕ್ಕೆ ಮುಟ್ಟಿಸಿ, ಆಮೇಲೆ ಅರಿಶಿನ ಹಚ್ಚಿದರು. ಹಿರಿಯರು ಸೋಬಾನೆ ಎತ್ತಿಕೊಂಡರು; ಎರಡನೇ ನುಡಿಗೆ ಸ್ಪೀಕರಿನಿಂದ ಹಿಂದಿ ಹಾಡು ಬಂದು ಮುಳುಗಿಸಿತು. ಗೆಳತಿಯರೆಲ್ಲ ಒಂದೇ ಥರದ ಹಳದಿ ಬಟ್ಟೆ ಹಾಕಿ, ನಿಜವಾದ ಹಳದಿ ತಾಗೀತೆಂದು ಎರಡು ಮಾರು ದೂರ ನಿಂತಿದ್ದರು. ಅಷ್ಟರಲ್ಲಿ ಹುಡುಗಿ ಅಡುಗೆಮನೆ ಕಡೆ ತಿರುಗಿ ಕೂಗಿದಳು:

“ಅತ್ತಜ್ಜೀ, ಕಿವಿ ಹಿಂದೆ ಯಾರೂ ಹಚ್ಚಿಲ್ಲ. ಬಂದು ಹಚ್ಚು. ನನ್ನ ಕೈಗೆ ಗೋರಂಟಿ ಇದೆ, ನಾನು ಮುಟ್ಟಂಗಿಲ್ಲ.”

ಯಾರೂ ಉಸಿರೆತ್ತಲಿಲ್ಲ. ಅತ್ತೆ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ, “ಹೋಗೇ ಮಾರಾಯ್ತಿ, ನೀರು ಆರೋಗ್ತಾ ಇದೆ” ಎಂದು ಗದರಿದರು. ಅತ್ತೆ ಬಂದವರು ಕಿವಿ ಹಿಂದೆ ಮಾತ್ರ ಅಲ್ಲ, ಮಿಕ್ಕವರು ಬೇಕಾಬಿಟ್ಟಿ ಮೆತ್ತಿದ್ದನ್ನೆಲ್ಲ ಕತ್ತಿನಿಂದ ಹಿಡಿದು ಸಮ ಮಾಡಿ, “ಒಬ್ಬರಿಗಾದ್ರೂ ಸಾರಿಸೋಕೆ ಬರುತ್ತಾ ನೋಡು” ಎಂದು ಗೊಣಗಿದರು.

ಆಮೇಲೆ ನೀರು. ಉತ್ತರ ಕರ್ನಾಟಕದಲ್ಲಾದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಸುರಗಿ ನೀರು ಹಾಕುತ್ತಾರೆ. ನಮ್ಮಲ್ಲಿ ಅಷ್ಟು ವೈಭವವಿಲ್ಲ, ಹಂಡೆಯ ಬಿಸಿನೀರು, ಚೊಂಬು. ಹುಡುಗಿ ಎರಡೂ ಕೈ ಮೇಲೆತ್ತಿ ಪೊಲೀಸರಿಗೆ ಶರಣಾದವಳ ಹಾಗೆ ನಿಂತು ಸ್ನಾನ ಮಾಡಿಸಿಕೊಂಡಳು. ಕಡೆಗೆ ಆರತಿ. ಅರಿಶಿನದ ನೀರಿಗೆ ದೊಡ್ಡಮ್ಮ ಚಿಟಿಕೆ ಸುಣ್ಣ ಹಾಕಿದರು, ತಟ್ಟೆಯೆಲ್ಲ ಕೆಂಪಾಯಿತು. ಇವೆಂಟ್ ಹುಡುಗ ಬಗ್ಗಿ ನೋಡಿ, “ಯಾವ ಕಲರ್ ಹಾಕಿದ್ರಿ ಆಂಟಿ?” ಎಂದ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ, ಅಷ್ಟೇ. ಮದುವೆ ಮುಗಿದ ಮಾರನೇ ದಿನ ಅಣ್ಣನ ಬಿಳಿ ಪಂಚೆಗೆ ಸೋಪು ಹಾಕಿದ ಸಣ್ಣ ಸೊಸೆ ರಕ್ತವೆಂದು ಕಿರುಚಿದ್ದೂ ಅದಕ್ಕೇ. ಕೆಂಪನ್ನು ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ಸಾಕು. ಅರಿಶಿನಕ್ಕೆ ಬಿಸಿಲು ಆಗದು, ಕಲೆ ತಾನಾಗಿ ಮಾಸುತ್ತದೆ.

ಗೋರಂಟಿಗೆ ಆ ಉಪಾಯ ನಡೆಯುವುದಿಲ್ಲ. ಚರ್ಮ ಸವೆದಂತೆ ಅದು ಹೋಗಬೇಕು. ಮೂರನೇ ವಾರಕ್ಕೆ ಹುಡುಗಿ ಬೆಂಗಳೂರಿನಿಂದ ಫೋನು ಮಾಡಿದಳು. ಕೈಮೇಲಿನ ಆನೆ ನವಿಲೆಲ್ಲ ಅಳಿಸಿಹೋಗಿ ಬೆರಳ ಟೋಪಿ ಮಾತ್ರ ಉಳಿದಿತ್ತು. ವಿಳಾಸ ಬದಲಿಸಲು ಹೋದ ಕೇಂದ್ರದಲ್ಲಿ ಯಂತ್ರ ಅವಳ ಹೆಬ್ಬೆರಳನ್ನು ಗುರುತು ಹಿಡಿಯಲಿಲ್ಲವಂತೆ. ಅಲ್ಲಿನವನು ಬೆರಳನ್ನು ಬಟ್ಟೆಯಲ್ಲಿ ಉಜ್ಜಿಸಿ, ಮತ್ತೆ ಒತ್ತಿಸಿ, ಕೊನೆಗೆ “ಹೊಸಾ ಮದುವೇನಾ ಮೇಡಂ? ಬಣ್ಣ ಹೋದ ಮೇಲೆ ಬನ್ನಿ” ಎಂದನಂತೆ.

ಸ್ಪೀಕರ್ ಹಾಕಿದ್ದರಿಂದ ದೊಡ್ಡಮ್ಮನಿಗೂ ಕೇಳಿಸಿತು. ಎಲೆಗೆ ಸುಣ್ಣ ಸವರುತ್ತಿದ್ದವರು ತಲೆಯೆತ್ತಿ, “ಕೋನಿಂದು ಹೋಯ್ತಲ್ಲ, ಹಿತ್ತಲಿಂದು ಇದೆ ತಾನೆ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.