ಪಪ್ಪನ ಊಟದ ಪಟ್ಟಿ

ಕಾಸರಗೋಡಿನ ಈ ಕಡೆಯ ಕ್ರೈಸ್ತ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. ನಮ್ಮ ಮನೆಯಲ್ಲಿ ಅದು ಪಪ್ಪನಿಗೆ ಬಂತು. ಅವರಿಗೆ ಈಗ 67 ವರ್ಷ. ಬೆಳಿಗ್ಗೆ ಒಂದು ಗ್ಲಿಮೆಪಿರೈಡ್, ಎರಡು ಹೊತ್ತು ಮೆಟ್‌ಫಾರ್ಮಿನ್. ಆಸ್ಪತ್ರೆಯಲ್ಲಿ ಕೊಟ್ಟ ಆಹಾರದ ಹಾಳೆ ಮಲಯಾಳದಲ್ಲಿತ್ತು. ಅದರಲ್ಲಿ ಓಟ್ಸ್, ಚಪಾತಿ, ಸಲಾಡ್ ಇತ್ತು. ಪಪ್ಪ ಓದುವುದು ಕನ್ನಡ, ಉಣ್ಣುವುದು ಕುಚ್ಚಲಕ್ಕಿ ಗಂಜಿ. ಆದ್ದರಿಂದ ನಾವು ಮೂವರು ಮಕ್ಕಳು ಅಮ್ಮನ ಜೊತೆ ಕುಳಿತು ನಮ್ಮ ಅಡುಗೆಮನೆಯದ್ದೇ ಒಂದು ವಾರದ ಪಟ್ಟಿ ಮಾಡಿದೆವು. ಹೊತ್ತು, ತಿಂಡಿ-ಊಟ, ಪ್ರಮಾಣ ಎಂದು ಮೂರು ಕಾಲಂ. ಡಾಕ್ಟರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು.

ಮೂರರಲ್ಲಿ ಹೆಚ್ಚು ಸಮಯ ಹಿಡಿದದ್ದು ಪ್ರಮಾಣದ ಕಾಲಂ. "ಅನ್ನ ಸ್ವಲ್ಪ" ಎಂದು ಬರೆದರೆ ಒಬ್ಬೊಬ್ಬರ ಸೌಟಿಗೆ ಒಂದೊಂದು ಲೆಕ್ಕ. ಗಂಜಿಯಂತೂ ಇನ್ನೂ ಕಷ್ಟ. ಅದೇ ಬಟ್ಟಲಲ್ಲಿ ಒಂದು ದಿನ ತಿಳಿ ಹೆಚ್ಚಿರುತ್ತದೆ, ಇನ್ನೊಂದು ದಿನ ಅಗುಳು. ಹಾಗಾಗಿ ಬೆಂದ ಮೇಲೆ ಅಳೆಯುವುದನ್ನು ಬಿಟ್ಟು ಹಸಿ ಅಕ್ಕಿಯಲ್ಲೇ ಅಳೆಯಲು ಶುರು ಮಾಡಿದೆವು. ಅಕ್ಕಿ ಯಾವುದಿದ್ದರೂ 100 ಗ್ರಾಂನಲ್ಲಿ ಸುಮಾರು 78 ಗ್ರಾಂ ಪಿಷ್ಟ. ನೀರು ಎಷ್ಟು ಹಾಕಿದರೂ ಅದು ಬದಲಾಗುವುದಿಲ್ಲ.

ನೀರ್ ದೋಸೆಯ ಲೆಕ್ಕ ಹೀಗೆ: ಅಮ್ಮ ಒಂದು ದಿನಕ್ಕೆ 240 ಗ್ರಾಂ ಬೆಳ್ತಿಗೆ ಅಕ್ಕಿ ನೆನೆಸುತ್ತಾರೆ, 20 ದೋಸೆ ಆಗುತ್ತದೆ. ಅಂದರೆ ಒಂದು ದೋಸೆಗೆ 12 ಗ್ರಾಂ ಅಕ್ಕಿ. ತೆಳ್ಳಗೆ ಬಟ್ಟೆಯ ಹಾಗೆ ಇರುವುದರಿಂದ ಆರೇಳು ತಿಂದರೂ ಹೊಟ್ಟೆಗೆ ಗೊತ್ತಾಗುವುದಿಲ್ಲ. ಆದರೆ ಆರು ದೋಸೆ ಎಂದರೆ 72 ಗ್ರಾಂ ಅಕ್ಕಿ, ಮಧ್ಯಾಹ್ನದ ಊಟಕ್ಕಿಂತ ಹೆಚ್ಚು. ಪಟ್ಟಿಯಲ್ಲಿ ಮೂರು ಎಂದು ಬರೆದೆವು. ಹಸಿವು ತಡೆಯಲು ಬದಿಗೆ ಹೆಸರುಕಾಳು ಸೇರಿಸಿದೆವು.

ಸೋಮವಾರದ ಪಟ್ಟಿ ಹೀಗಿದೆ:

| ಹೊತ್ತು | ತಿಂಡಿ-ಊಟ | ಪ್ರಮಾಣ |
|---|---|---|
| ಬೆಳಿಗ್ಗೆ 8:00 | ನೀರ್ ದೋಸೆ, ಹೆಸರುಕಾಳು ಪಲ್ಯ | ದೋಸೆ 3, ಪಲ್ಯ ಅರ್ಧ ಬಟ್ಟಲು |
| 10:45 | ಮಜ್ಜಿಗೆ | 1 ಲೋಟ |
| ಮಧ್ಯಾಹ್ನ 1:00 | ಕುಚ್ಚಲಕ್ಕಿ ಅನ್ನ, ಬೂತಾಯಿ ಸಾರು, ಅಲಸಂಡೆ ಪಲ್ಯ | ಅಕ್ಕಿ 60 ಗ್ರಾಂ, ಮೀನು 3, ಪಲ್ಯ 1 ಬಟ್ಟಲು |
| ಸಂಜೆ 4:30 | ಸಕ್ಕರೆ ಹಾಕದ ಚಹಾ, ಬೇಯಿಸಿದ ಕಡಲೆ | ಕಡಲೆ 1 ಹಿಡಿ |
| ರಾತ್ರಿ 8:00 | ಗಂಜಿ, ತೊಂಡೆಕಾಯಿ ಪಲ್ಯ, ಮೊಟ್ಟೆ | ಅಕ್ಕಿ 50 ಗ್ರಾಂ, ಪಲ್ಯ 1 ಬಟ್ಟಲು, ಮೊಟ್ಟೆ 1 |

ಪಪ್ಪನ ಅಕ್ಕಿಯನ್ನು ಅಮ್ಮ ದಿನವೂ ತೂಗುವುದಿಲ್ಲ. ಒಂದು ಹಳೆಯ ಸ್ಟೀಲ್ ಲೋಟದಲ್ಲಿ 60 ಗ್ರಾಂ ಎಲ್ಲಿಗೆ ಬರುತ್ತದೆ, 50 ಎಲ್ಲಿಗೆ ಎಂದು ಮೊಳೆಯಲ್ಲಿ ಗೀರು ಹಾಕಿದ್ದೇವೆ. ಅದು ಬೇರೆ ಚಿಕ್ಕ ಪಾತ್ರೆಯಲ್ಲಿ ಬೇಯುತ್ತದೆ. ಉಳಿದ ದಿನಗಳಲ್ಲಿ ತಿಂಡಿ, ಮೀನು, ತರಕಾರಿ ಬದಲಾಗುತ್ತವೆ, ಅಕ್ಕಿಯ ಗೀರು ಬದಲಾಗುವುದಿಲ್ಲ. ಮೀನು ಸಿಗದ ದಿನ ತೊಗರಿ ಅಥವಾ ಮೊಟ್ಟೆ.

ಎರಡನೇ ಕಾಲಂನಲ್ಲಿ ಒಂದು ವಿಷಯ ನಮ್ಮೂರಿನವರು ಮುಖ್ಯವಾಗಿ ನೋಡಬೇಕು. ಬಲಿತ ಹಲಸಿನ ಕಾಯಿ, ಜೀಗುಜ್ಜೆ, ಕೆಸುವಿನ ಗಡ್ಡೆ, ಗೆಣಸು ಇವನ್ನೆಲ್ಲ ನಾವು ಪಲ್ಯ ಎಂದೇ ಕರೆಯುತ್ತೇವೆ. ಆದರೆ ಬಸಳೆ, ಅಲಸಂಡೆ, ತೊಂಡೆಕಾಯಿಯ ಹಾಗೆ ಅಲ್ಲ ಇವು. ಇವುಗಳಲ್ಲಿ ಪಿಷ್ಟ ಹೆಚ್ಚು. ಬಲಿತ ಹಲಸಿನ ಕಾಯಿಯ ಪಲ್ಯವನ್ನು ಅನ್ನದ ಮೇಲೆ ಬಡಿಸಿದರೆ ಅನ್ನದ ಮೇಲೆ ಅನ್ನ ಬಡಿಸಿದ ಹಾಗೆ. ನಮ್ಮ ಪಟ್ಟಿಯಲ್ಲಿ ಇವು ಅಕ್ಕಿಯ ಲೆಕ್ಕಕ್ಕೆ ಸೇರುತ್ತವೆ. ಜೀಗುಜ್ಜೆ ಪಲ್ಯ ಇದ್ದ ದಿನ ಅನ್ನ ಅರ್ಧ.

ಹೊತ್ತಿನ ಕಾಲಂ ಏಕೆ ಬೇಕು ಎಂದು ಪಪ್ಪ ಮೊದಲು ಕೇಳಿದ್ದರು. "ಹಸಿವಾದಾಗ ಉಣ್ಣುತ್ತೇನೆ ಮಕ್ಕಳೇ, ಅದಕ್ಕೂ ಗಡಿಯಾರವಾ?" ಉತ್ತರ ಸಿಕ್ಕಿದ್ದು ಒಂದು ಭಾನುವಾರ. ಎಂದಿನಂತೆ ಮಾತ್ರೆ ನುಂಗಿ 7:30ರ ಪೂಜೆಗೆ ಬಂದಿದ್ದರು. ಪೂಜೆ ಮುಗಿದು ವಾಳೆಯ ಮೀಟಿಂಗೂ ಆಗುವಾಗ 9:45. ಬೆಂಚಿನಲ್ಲಿ ಕುಳಿತಲ್ಲೇ ಬೆವರಿದರು, ಕೈ ನಡುಗಿತು, ಮಾತು ಸ್ವಲ್ಪ ತೊದಲಿತು. ಚೀಲದಲ್ಲಿದ್ದ ಮೀಟರಿನಲ್ಲಿ ನೋಡಿದರೆ 62. ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಕಾಯುವಂತಿಲ್ಲ. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದೆವು. 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 88. ಆಮೇಲೆ ತಿಂಡಿ ಕೊಟ್ಟೆವು. ಗ್ಲಿಮೆಪಿರೈಡ್ ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಊಟ ಬಂತೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಪ್ರಜ್ಞೆ ತಪ್ಪಿದವರಿಗೆ ಮಾತ್ರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

ಡಾಕ್ಟರನ್ನು ಕೇಳಿ ಭಾನುವಾರಕ್ಕೆ ಬೇರೆಯೇ ಸಾಲು ಬರೆದೆವು:

| ಹೊತ್ತು | ತಿಂಡಿ-ಊಟ | ಪ್ರಮಾಣ |
|---|---|---|
| ಬೆಳಿಗ್ಗೆ 6:15 | ಮಾತ್ರೆ, ಕೂಡಲೇ ಉದ್ದಿನ ದೋಸೆ, ಮೊಟ್ಟೆ | ದೋಸೆ 2, ಮೊಟ್ಟೆ 1 |
| ಪೂಜೆಯ ನಂತರ | ಸಕ್ಕರೆ ಹಾಕದ ಚಹಾ, ಬೇಯಿಸಿದ ಕಡಲೆ | ಕಡಲೆ 1 ಹಿಡಿ |
| ಮಧ್ಯಾಹ್ನ 12:30 | ಸಾನ್ನ, ಕೋಳಿ ಸಾರು, ಸೌತೆಕಾಯಿ | ಸಾನ್ನ 2, ಕೋಳಿ 3 ತುಂಡು, ಸೌತೆ 1 ಬಟ್ಟಲು |

ಸಂಜೆ, ರಾತ್ರಿಯದ್ದು ಸೋಮವಾರದ ಹಾಗೆಯೇ. ಪಪ್ಪನಿಗೆ ಅಡ್ಡ ಬಂದದ್ದು ಒಂದೇ ಸಂಶಯ: ತಿಂದು ಹೋಗಿ ಪರಮಪ್ರಸಾದ ತೆಗೆದುಕೊಳ್ಳಬಹುದಾ? ಅವರು ಹಳೆ ಕಾಲದ ರೂಢಿಯವರು. ಈಗಿನ ನಿಯಮದಲ್ಲಿ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸ ಸಾಕು. ನೀರು, ಔಷಧಿಗೆ ತಡೆಯಿಲ್ಲ. ವಯಸ್ಸಾದವರಿಗೆ, ರೋಗಿಗಳಿಗೆ ಆ ಒಂದು ಗಂಟೆಯೂ ಕಡ್ಡಾಯವಲ್ಲ. 6:30ಕ್ಕೆ ತಿಂಡಿ ಮುಗಿದರೆ ಪರಮಪ್ರಸಾದದ ಹೊತ್ತಿಗೆ ಒಂದೂವರೆ ಗಂಟೆ ಕಳೆದಿರುತ್ತದೆ. ತಪಸ್ಸು ಕಾಲದ ಒಪ್ಪೊತ್ತಿನ ಉಪವಾಸವೂ 59 ತುಂಬಿದವರಿಗೆ ಕಡ್ಡಾಯವಲ್ಲ. ಬೂದಿ ಬುಧವಾರ, ಶುಭ ಶುಕ್ರವಾರ ಪಪ್ಪ ಮಾಂಸ ಬಿಡುತ್ತಾರೆ, ಊಟದ ಹೊತ್ತನ್ನು ಬಿಡುವುದಿಲ್ಲ.

ಪಟ್ಟಿ ಸರಿ ಇದೆಯಾ ಎಂದು ತಿಳಿಯುವುದು ಮೀಟರಿನಿಂದ. ಬರೀ ಖಾಲಿ ಹೊಟ್ಟೆಯದ್ದು ನೋಡಿದರೆ ಯಾವ ತಿಂಡಿ ಏನು ಮಾಡಿತು ಎಂದು ಗೊತ್ತಾಗುವುದಿಲ್ಲ. ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಬೇಕು. ಪಟ್ಟಿಗೆ ಮೊದಲು ಆರು ನೀರ್ ದೋಸೆ, ಕಾಯಿ-ಬೆಲ್ಲ ತಿಂದ ದಿನ 128 ಇದ್ದದ್ದು 236 ಆಗಿತ್ತು. ಮೂರು ದೋಸೆ, ಹೆಸರುಕಾಳಿನ ದಿನ 131ರಿಂದ 172. ಡಾಕ್ಟರು ಕೊಟ್ಟ ಗುರಿ 180ರ ಒಳಗೆ. ಸ್ಟ್ರಿಪ್ಪಿಗೆ ದುಡ್ಡಾಗುತ್ತದೆ, ಅದಕ್ಕೆ ವಾರದಲ್ಲಿ ಎರಡೇ ತಿಂಡಿಗಳನ್ನು ಹೀಗೆ ಪರೀಕ್ಷಿಸಿದೆವು. ಒಂದು ತಿಂಗಳಲ್ಲಿ ಎಲ್ಲ ತಿಂಡಿಗಳ ಲೆಕ್ಕ ಸಿಕ್ಕಿತು. ಗೋಧಿ ಕಡಿಯ ಉಪ್ಪಿಟ್ಟು ಪಾಸಾಯಿತು. ಅವಲಕ್ಕಿ ಎರಡು ಸಲವೂ ಇನ್ನೂರು ದಾಟಿದ್ದರಿಂದ ಪಟ್ಟಿಯಿಂದ ಹೋಯಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.6 ಇದ್ದದ್ದು 7.4ಕ್ಕೆ ಇಳಿಯಿತು.

ಈ ಪಟ್ಟಿಯನ್ನು ಯಾರಾದರೂ ಫೋಟೋ ತೆಗೆದು ತಮ್ಮ ಮನೆಗೆ ಒಯ್ದರೆ ಹೊತ್ತು ಮತ್ತು ಪ್ರಮಾಣ ಅಲ್ಲಿಗೆ ಹೊಂದುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರ ಹೊತ್ತು ಬೇರೆ. ಕಿಡ್ನಿಗೆ ತೊಂದರೆ ಇದ್ದವರಿಗೆ ಕಾಳು, ಮೀನಿನ ಅಳತೆಯನ್ನು ಡಾಕ್ಟರೇ ಹೇಳಬೇಕು. ಒಯ್ಯಬಹುದಾದದ್ದು ಅಳೆಯುವ ಕ್ರಮ ಮಾತ್ರ: ಹಸಿ ಅಕ್ಕಿಯ ತೂಕ, ಗೀರು ಹಾಕಿದ ಲೋಟ, ತಿಂದು ಎರಡು ಗಂಟೆಗೆ ಒಂದು ಹನಿ ರಕ್ತ.

ಕಳೆದ ತಿಂಗಳಿಂದ ಪಪ್ಪ ಪೆನ್ಸಿಲಿನಲ್ಲಿ ನಾಲ್ಕನೆಯ ಕಾಲಂ ಎಳೆದಿದ್ದಾರೆ. ಅದರ ತಲೆಬರಹ "ಎಷ್ಟು ಬಂತು". ಮಾವಿನ ಹಣ್ಣಿನ ಎದುರು ಅವರೇ ಬರೆದಿದ್ದಾರೆ: ಅರ್ಧ, 4:30ಕ್ಕೆ, ಕಡಲೆಯ ಬದಲು, 168.