ಬೆರಳು ಒತ್ತಿದ್ದು ಇವತ್ತು, ದಾಖಲಾಗಿದ್ದು 2000ನೇ ಇಸವಿಗೆ

ಹಾಜರಾತಿ ಮಷೀನ್ ಕೈಕೊಟ್ಟರೆ ಎಲ್ಲರೂ ಹೇಳೋದು ಒಂದೇ ಮಾತು: 'ಮಷೀನ್ ಕೆಟ್ಟೋಗಿದೆ.' ಆದರೆ ಹರಿಹರದಲ್ಲಿ ನಮ್ಮ ಮಾವ ನಡೆಸೋ ಸಣ್ಣ ಲೇತ್ ವರ್ಕ್‌ಶಾಪಿನಲ್ಲಿ ಹೋದ ಮಳೆಗಾಲ ಕೆಟ್ಟಿದ್ದು ಒಂದಲ್ಲ, ಎರಡು. ಒಂದು ಇನ್ನೊಂದನ್ನು ಎಷ್ಟೋ ದಿನದಿಂದ ಮುಚ್ಚಿಟ್ಟಿತ್ತು.

ತಿಂಗಳ ಕೊನೆಗೆ ಹನ್ನೊಂದು ಜನರಿಗೂ ಮೂರು ದಿನದ ಗೈರುಹಾಜರಿ ಬಿತ್ತು. ದಾವಣಗೆರೆಯಿಂದ ದಿನಾ ಬಸ್ಸಿಗೆ ಬರೋ ಒಬ್ಬ ಹಿರಿಯರು ಸಂಬಳದ ಚೀಟಿ ಹಿಡಕೊಂಡು, "ನೋಡಪ್ಪ ತಮ್ಮ, ಮೂರು ದಿನನೂ ಬೆರಳು ಒತ್ತೀನಿ, ಥ್ಯಾಂಕ್ಯೂ ಅಂತನೂ ಅಂದೈತಿ. ಹಂಗಾರೆ ಅದು ಥ್ಯಾಂಕ್ಸ್ ಹೇಳಿದ್ದು ಯಾರಿಗೆ?" ಅಂದರು. ನ್ಯಾಯವಾದ ಪ್ರಶ್ನೆ. ಮಷೀನ್ ಮೆಮೊರಿಯಲ್ಲಿ ಹುಡುಕಿದರೆ ಅವರ ಪಂಚ್‌ಗಳೆಲ್ಲ ಇದ್ದವು. ತಾರೀಖು ಮಾತ್ರ 2000-01-01ರಿಂದ ಶುರು. ಈ ತಿಂಗಳ ವರದಿ ತೆಗೆಯೋ ಸಾಫ್ಟ್‌ವೇರ್ ಅಷ್ಟು ಹಳೆಯ ತಾರೀಖನ್ನು ಯಾಕೆ ನೋಡುತ್ತೆ?

ಇಂಥ ಮಷೀನಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಇರ್ತವೆ, ಗೊಂದಲ ಶುರುವಾಗೋದೇ ಇಲ್ಲಿ. ದೊಡ್ಡದು ಕರೆಂಟ್ ಹೋದಾಗ ಮಷೀನನ್ನು ಒಂದಷ್ಟು ಹೊತ್ತು ನಡೆಸುತ್ತೆ. ಇನ್ನೊಂದು ಬೋರ್ಡಿನ ಮೇಲಿರೋ ರೂಪಾಯಿ ನಾಣ್ಯದಂಥ ಕಾಯಿನ್ ಸೆಲ್. ಮಷೀನ್ ಪೂರ್ತಿ ಆರಿದಾಗಲೂ ಗಡಿಯಾರ ಓಡಿಸೋದು ಅದರ ಕೆಲಸ. ಮಾವ ಸಾವಿರಾರು ರೂಪಾಯಿ ಕೊಟ್ಟು ದೊಡ್ಡದನ್ನು ಬದಲಿಸಿದ್ದರು, ಸತ್ತಿದ್ದು ಚಿಕ್ಕದು. ಹೊಸ ಸೆಲ್ಲಿನಲ್ಲಿ 3 ವೋಲ್ಟ್‌ಗಿಂತ ತುಸು ಹೆಚ್ಚು ಇರುತ್ತೆ, ಇದರಲ್ಲಿ 1.9 ಇತ್ತು. ರಾತ್ರಿಯೆಲ್ಲಾ ಕರೆಂಟ್ ಹೋಗಿ ದೊಡ್ಡ ಬ್ಯಾಟರಿಯೂ ಖಾಲಿಯಾದ ದಿನ ಗಡಿಯಾರ ಸೊನ್ನೆಗೆ ಬಿತ್ತು.

ಆದರೆ ಮೊದಲೂ ಹೀಗೆ ಕರೆಂಟ್ ಹೋಗಿತ್ತಲ್ಲ, ಆಗ ಯಾಕೆ ಗೊತ್ತಾಗಲಿಲ್ಲ? ಆಫೀಸಿನ ಕಂಪ್ಯೂಟರ್ ಬೆಳಿಗ್ಗೆ ಮಷೀನಿಗೆ ಕನೆಕ್ಟ್ ಆದಾಗೆಲ್ಲ ಸಮಯ ಸರಿಮಾಡ್ತಿತ್ತು. ಆ ಸೋಮವಾರ ಸಂಜೆ ಹೊಸ ರೌಟರ್ ಬಂತು, ಕನೆಕ್ಷನ್ ತಪ್ಪಿತು, ಸಮಯ ಸರಿಮಾಡೋರೂ ಇಲ್ಲದಾದರು. ಕೇಬಲ್ ಚೆನ್ನಾಗಿತ್ತು, ದೀಪ ಮಿನುಗ್ತಿತ್ತು. ನಾನು ಮಷೀನಿನ ಕೇಬಲ್ಲನ್ನೇ ಕಿತ್ತು ಕಂಪ್ಯೂಟರಿನಲ್ಲಿ ಇಷ್ಟು ಕೊಟ್ಟೆ:

```
ping 192.168.1.201
arp -a
```

ಕೇಬಲ್ ಕೈಯಲ್ಲಿದೆ, ಉತ್ತರ ಬರ್ತಾನೇ ಇದೆ! ಅಂದರೆ ಆ ವಿಳಾಸದಲ್ಲಿ ಇನ್ಯಾರೋ ಕೂತಿದ್ದಾರೆ. ಎರಡನೇ ಸಾಲಿನಲ್ಲಿ ಕಂಡ ಹಾರ್ಡ್‌ವೇರ್ ವಿಳಾಸ ಮಷೀನಿನದ್ದಲ್ಲ, ಒಂದು ಮೊಬೈಲಿನದ್ದು. ಮಷೀನಿಗೆ ಕೈಯಾರೆ ಬರೆದಿಟ್ಟ ವಿಳಾಸವನ್ನೇ ರೌಟರ್ ಆ ಫೋನಿಗೂ ಹಂಚಿತ್ತು. ರೌಟರ್ ಹಂಚೋ ವಿಳಾಸಗಳನ್ನು 100ರಿಂದ 150ರವರೆಗೆ ಮಾತ್ರ ಅಂತ ಕಟ್ಟಿಹಾಕಿ, ಆ ಫೋನಿನ ವೈಫೈ ಒಮ್ಮೆ ಆರಿಸಿ ಹಚ್ಚಿದ ಮೇಲೆ ಜಗಳ ನಿಂತಿತು.

ಉಳಿದಿದ್ದು ಹಿರಿಯರ ಮೂರು ದಿನ. ಗಡಿಯಾರ ಸೊನ್ನೆಯಿಂದ ಶುರುವಾದರೂ ಓಡಿದ್ದು ಸರಿಯಾಗೇ. ಹಾಗಾಗಿ ಮಷೀನ್ ಮತ್ತೆ ಜೀವ ಪಡೆದ ಗಳಿಗೆ ಗೊತ್ತಾದರೆ ಸಾಕು. ಅದೇ ಲೈನಿನ ಸಿಸಿಟಿವಿ ರೆಕಾರ್ಡಿಂಗ್ ಮಂಗಳವಾರ ಬೆಳಿಗ್ಗೆ 6:12ಕ್ಕೆ ಮತ್ತೆ ಶುರುವಾಗಿತ್ತು. ಹಿರಿಯರ ಮೊದಲ ಪಂಚ್ 02:41. ಕೂಡಿಸಿದರೆ 8:53. ಕ್ಯಾಮೆರಾದಲ್ಲಿ ನೋಡಿದರೆ ಬಾಗಿಲ ಹತ್ತಿರ ಅದೇ ಹೊತ್ತಿಗೆ ಅವರು, ಕೈಯಲ್ಲಿ ಬುತ್ತಿ. ಸಂಜೆಯ 11:52 ಅಂದರೆ 18:04. ಅದೇ ಲೆಕ್ಕದಲ್ಲಿ 2000-01-02 ಅಂದರೆ ಬುಧವಾರ. ನಡುವೆ ಮಷೀನ್ ಮತ್ತೆ ಆರಲಿಲ್ಲ, ಅದೇ ನಮ್ಮ ಅದೃಷ್ಟ. ಆರಿದ್ದರೆ ಇನ್ನೊಂದು 'ಜನವರಿ 1' ಹುಟ್ಟಿ, ದಾಖಲೆಗಳು ಬಿದ್ದ ಕ್ರಮ ನೋಡಿ ಎರಡನ್ನೂ ಬೇರೆಮಾಡಬೇಕಿತ್ತು. ಹನ್ನೊಂದು ಜನರ ಹಣವೂ ಮುಂದಿನ ಸಂಬಳದ ಜೊತೆ ಬಂತು.

ಸೆಲ್ ಬದಲಿಸೋಕೆ ಮೊದಲು ಎಲ್ಲ ದಾಖಲೆ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಕೆಲವು ಬೋರ್ಡಿನಲ್ಲಿ ಸೆಲ್ಲನ್ನು ಬೆಸುಗೆ ಹಾಕಿರ್ತಾರೆ, ಅದನ್ನು ರಿಪೇರಿಯವರಿಗೇ ಬಿಡೋದು ಒಳ್ಳೇದು.

ಬೆರಳಿನ ತಕರಾರು ಬೇರೇನೇ. ಎಲ್ಲರ ಬೆರಳೂ ತಿರಸ್ಕಾರ ಆಗ್ತಿದ್ದರೆ ಮೊದಲ ಅನುಮಾನ ಗಾಜಿನ ಮೇಲೆ: ಕಟಿಂಗ್ ಆಯಿಲ್ ಜಿಡ್ಡು, ಇಲ್ಲಾ ಕಿಟಕಿಯ ಬಿಸಿಲು ನೇರ ಬೀಳ್ತಿರಬೇಕು. ಮಷೀನ್ ಆರಿಸಿ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪಾರದರ್ಶಕ ಟೇಪ್ ಅಂಟಿಸಿ ಕಿತ್ತರೆ ಧೂಳು ಎದ್ದು ಬರುತ್ತೆ. ನೀರು, ಥಿನ್ನರ್ ಬೇಡವೇ ಬೇಡ. ಒಬ್ಬರದ್ದೇ ಬೀಳ್ತಿಲ್ಲ ಅಂದರೆ ತಪ್ಪು ಗಾಜಿನದಲ್ಲ. ಕಬ್ಬಿಣ ಹಿಡಿದು ಹಿಡಿದು ಹೆಬ್ಬೆರಳಿನ ಗೆರೆ ಸವೆದಿರುತ್ತೆ. ನಮ್ಮೂರ ಮಂಡಕ್ಕಿ ಭಟ್ಟಿಗಳಲ್ಲಿ ಬಿಸಿ ಮರಳಿನ ಜೊತೆ ಗುದ್ದಾಡೋರ ಕೈಯೂ ಹಾಗೇ. ಹಿರಿಯರಿಗೆ ಉಂಗುರ ಬೆರಳು ನೋಂದಾಯಿಸಿದೆವು, ಎರಡೂ ಕೈದು. ಅದು ಅಷ್ಟು ಸವೆದಿರೋಲ್ಲ. ತುದಿ ಬೇಡ, ಬೆರಳಿನ ಮಾಂಸಲ ಭಾಗ ಚಪ್ಪಟೆಯಾಗಿ ಕೂರಬೇಕು.

'ಹೊಂದಾಣಿಕೆ ಮಟ್ಟ ಇಳಿಸಿಬಿಡು, ಎಲ್ಲರದ್ದೂ ತಗೊಳುತ್ತೆ' ಅಂತ ಮಾವ ಅಂದರು. ತಗೊಳುತ್ತೆ ನಿಜ, ಒಬ್ಬರ ಬೆರಳಿಗೆ ಇನ್ನೊಬ್ಬರ ಹೆಸರು ಬರೋ ಸಾಧ್ಯತೆಯೂ ಹೆಚ್ಚುತ್ತೆ. ಉಂಗುರ ಬೆರಳೂ ಓದದ ಇಬ್ಬರಿಗೆ ಕಾರ್ಡ್ ಕೊಟ್ಟೆವು.